ನಲವತ್ತು ಮಕ್ಕಳು, ಒಂದು ಗೋಡೆ: ಚಿತ್ರ ಕಲಸಿಹೋಗದಂತೆ ಮಾಡುವುದು ಹೇಗೆ?

"ನಮ್ಮ ಶಾಲೆಯ ಹೊರಗೋಡೆ 24 ಅಡಿ ಉದ್ದ, 8 ಅಡಿ ಎತ್ತರ. ಆರರಿಂದ ಹದಿನಾಲ್ಕು ವರ್ಷದ 40 ಮಕ್ಕಳು ಸೇರಿ ಅದರ ಮೇಲೆ ಚಿತ್ರ ಬರೆಯಬೇಕು. ಹೋದ ವರ್ಷ ಒಂದು ಸಣ್ಣ ಗೋಡೆಯಲ್ಲಿ ಪ್ರಯತ್ನಿಸಿದ್ದೆವು. ಎರಡನೇ ದಿನಕ್ಕೇ ಎಲ್ಲ ಕಂದು ಕಂದಾಯಿತು. ದೊಡ್ಡ ಮಕ್ಕಳು ಚಿಕ್ಕವರ ಚಿತ್ರದ ಮೇಲೇ ಬಣ್ಣ ಬಳಿದರು. ಕೊನೆಗೆ ನಾನೂ ಇನ್ನೊಬ್ಬ ಟೀಚರೂ ಎರಡು ಸಂಜೆ ಕೂತು ಎಲ್ಲ ತಿದ್ದಿದೆವು. 'ನನ್ನದು ಎಲ್ಲಿ?' ಅಂತ ಮಕ್ಕಳು ಕೇಳಿದಾಗ ಉತ್ತರ ಇರಲಿಲ್ಲ. ಈ ಸಲ ಪೋಷಕರು, ದೊಡ್ಡವರು ಬರೆಯಲಿ, ಚಿಕ್ಕವರು ಅಂಗೈ ಅಚ್ಚು ಒತ್ತಲಿ ಸಾಕು ಅಂತಿದ್ದಾರೆ. ಅದೇ ಸರೀನಾ?"
– ಒಬ್ಬ ಚಿತ್ರಕಲಾ ಶಿಕ್ಷಕಿ

ಅಂಗೈ ಅಚ್ಚು ಬೇಡ. ಅದಕ್ಕೆ ಎರಡು ಕಾರಣ ಇದೆ. ಹೊರಗೋಡೆಗೆ ಬಳಿಯುವ ಎಮಲ್ಷನ್‌ನಲ್ಲಿ ಪಾಚಿ, ಬೂಷ್ಟು ಹಿಡಿಯದಿರಲಿ ಅಂತ ರಾಸಾಯನಿಕ ಸೇರಿಸಿರುತ್ತಾರೆ. ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ, ತುರಿಕೆ ಬರುತ್ತದೆ. ಬಟ್ಟೆಗೋ ಕೈಗೋ ಸ್ವಲ್ಪ ತಾಗಿದರೆ ಸೋಪು ಹಾಕಿ ತೊಳೆದರಾಯಿತು. ಆದರೆ ಬೇಕೆಂದೇ ಅಂಗೈ ತುಂಬ ಬಳಿಯುವುದು ಬೇರೆ ಮಾತು. ಎರಡನೆಯದು ಇನ್ನೂ ಸರಳ. ಹದಿನೈದು ಅಂಗೈಗಳಲ್ಲಿ ತನ್ನದು ಯಾವುದು ಅಂತ ಒಂದು ವಾರ ಕಳೆದರೆ ಮಗುವಿಗೇ ಗೊತ್ತಾಗುವುದಿಲ್ಲ. 'ನನ್ನದು ಎಲ್ಲಿ?' ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಚಿಕ್ಕವರು ಇದ್ದರೆ ಚಿತ್ರ ಕೆಡುತ್ತದೆ ಅನ್ನುವ ನಂಬಿಕೆಯೇ ತಪ್ಪು. ನಾನು ಮಕ್ಕಳ ಜೊತೆ ಗೋಡೆ ಕೆಲಸ ಮಾಡುವಾಗ ಕಂಡದ್ದು ಬೇರೆ. ಆರು ವರ್ಷದ ಮಗುವಿನ ಗೆರೆ ಗಟ್ಟಿಯಾಗಿರುತ್ತದೆ, ಅಳುಕು ಇರುವುದಿಲ್ಲ. ದೂರದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದೇ ಆ ಚಿತ್ರ. ಹನ್ನೆರಡು ದಾಟಿದವರೇ ಹೆದರಿ ಹೆದರಿ ಸಣ್ಣದಾಗಿ ಬರೆಯುತ್ತಾರೆ. ನಿಮ್ಮ ಗೋಡೆ ಕೆಟ್ಟದ್ದು ಕೈಗಳಿಂದಲ್ಲ, ಕೆಲಸದ ಕ್ರಮದಿಂದ.

ಕಂದು ಬಣ್ಣ ಎಲ್ಲಿಂದ ಬಂತು ನೋಡೋಣ. ಕೆಂಪಿಗೆ ಹಸಿರು ಸೇರಿದರೆ ಕಂದು. ಕಿತ್ತಳೆಗೆ ನೀಲಿ ಸೇರಿದರೆ ಬೂದು. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಬಿದ್ದರೆ ಈ ಕಲಸಾಟ ಗೋಡೆಯ ಮೇಲೇ ನಡೆಯುತ್ತದೆ. ಅದಕ್ಕಿಂತ ದೊಡ್ಡ ತಪ್ಪಿತಸ್ಥ ಇನ್ನೊಂದಿದೆ: ಬ್ರಷ್ ಅದ್ದುವ ನೀರಿನ ಮಗ್. ಎಂಟು ಮಕ್ಕಳು ಒಂದೇ ಮಗ್‌ನಲ್ಲಿ ಬ್ರಷ್ ಅಲ್ಲಾಡಿಸಿದರೆ ಹತ್ತು ನಿಮಿಷದಲ್ಲಿ ಆ ನೀರು ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಪ್ರತಿ ಡಬ್ಬಿಗೂ ಆ ಕೆಸರೇ ಸೇರುತ್ತದೆ. ಬಣ್ಣ ತೆಳುವಾಗಿ ಗೋಡೆ ಮೇಲೆ ಇಳಿಯುತ್ತದೆ ಕೂಡ.

ಹಾಗಾಗಿ ನನ್ನ ಗೋಡೆಗಳ ಹತ್ತಿರ ನೀರಿನ ಮಗ್ ಇಡುವುದೇ ಇಲ್ಲ. ಒಂದು ಡಬ್ಬಿಗೆ ಒಂದೇ ಬ್ರಷ್. ಬ್ರಷ್ ಆ ಡಬ್ಬಿ ಬಿಟ್ಟು ಬೇರೆ ಡಬ್ಬಿಗೆ ಹೋಗುವುದಿಲ್ಲ. ಬೇರೆ ಬಣ್ಣ ಬೇಕಾದರೆ ಕೈಯಲ್ಲಿರುವ ಡಬ್ಬಿಯನ್ನು ಬ್ರಷ್ ಸಮೇತ ವಾಪಸ್ ಇಟ್ಟು ಇನ್ನೊಂದು ತೆಗೆದುಕೊಳ್ಳಬೇಕು. ಡಬ್ಬಿಯಲ್ಲಿ ಎರಡು ಬೆರಳು ಎತ್ತರದಷ್ಟು ಮಾತ್ರ ಬಣ್ಣ ಇರಲಿ. ಉರುಳಿದರೂ ಚೆಲ್ಲುವುದು ಅಷ್ಟೇ. ಬ್ರಷ್‌ನ ಕೂದಲು ಮೂರರಲ್ಲಿ ಒಂದು ಭಾಗ ಅದ್ದಿ, ಡಬ್ಬಿಯ ಅಂಚಿಗೆ ಒಂದು ಸಲ ಒರೆಸಿ, ಆಮೇಲೆ ಗೋಡೆಗೆ. ಇದನ್ನು ಮಾತಲ್ಲಿ ಹೇಳಿದರೆ ಸಾಲದು. ಮೊದಲ ದಿನ ಹಳೆ ಪೇಪರಿನ ಮೇಲೆ ಒಂದೊಂದು ಮಗುವಿಗೂ ಮಾಡಿಸಿ ನೋಡಿ.

ಚಿಕ್ಕವರಿಗೆ ಚಿಕ್ಕ ಬ್ರಷ್ ಅನ್ನುವುದೂ ಒಂದು ತಪ್ಪು ಲೆಕ್ಕ. ಆರು ವರ್ಷದವರು ಭುಜದಿಂದ ಕೈ ಬೀಸಿ ಬಳಿಯುತ್ತಾರೆ. ಅವರಿಗೆ ಒಂದೂವರೆ ಇಂಚಿನ ಚಪ್ಪಟೆ ಬ್ರಷ್ ಕೊಡಿ. ತೆಳ್ಳಗಿನದು ಕೊಟ್ಟರೆ ಬಣ್ಣ ತುಂಬುವುದೇ ಇಲ್ಲ, ಗೋಡೆ ಕೆರೆದ ಹಾಗಾಗುತ್ತದೆ, ಐದೇ ನಿಮಿಷಕ್ಕೆ ಮಗುವಿಗೆ ಬೇಜಾರಾಗುತ್ತದೆ.

ಇನ್ನು ದೊಡ್ಡವರು ಚಿಕ್ಕವರ ಚಿತ್ರದ ಮೇಲೆ ಬಳಿದ ವಿಷಯ. ಇದು ಬರೀ ತುಂಟತನ ಅಲ್ಲ. ಎಲ್ಲಿ ಯಾರದು ಮುಗಿಯಿತು, ಎಲ್ಲಿ ಶುರುವಾಯಿತು ಅಂತ ಗೋಡೆಯ ಮೇಲೆ ಗುರುತಿಲ್ಲದಿದ್ದರೆ, ಕೆಲಸ ಬೇಗ ಮುಗಿಸಿದ ದೊಡ್ಡ ಮಗು ಪಕ್ಕದ್ದನ್ನು 'ಸರಿ ಮಾಡೋಕೆ' ಹೋಗುತ್ತದೆ. ಅಲ್ಲಿ ಕೇಡು ಮಾಡುವ ಮನಸ್ಸಿರುವುದಿಲ್ಲ.

ಈ ಪಾಠ ನಾನು ಕಲಿತದ್ದು ಒಂದು ಕೋಳಿಯಿಂದ. ಕೆಲವು ವರ್ಷದ ಹಿಂದೆ ಒಂದು ಶಾಲೆಯಲ್ಲಿ ಮಕ್ಕಳ ಪುಟ್ಟ ಚಿತ್ರಗಳನ್ನು ಚೌಕದ ಲೆಕ್ಕದಲ್ಲಿ ಗೋಡೆಗೆ ಏರಿಸಿದ್ದೆ. ಕಾಗದದ ಮೇಲೆ ಒಂದು ಇಂಚಿನ ಚೌಕ, ಗೋಡೆಯ ಮೇಲೆ ಒಂದು ಅಡಿಯ ಚೌಕ. ಚಿಕ್ಕವರ ಚಿತ್ರವನ್ನು ದೊಡ್ಡವರು ನೋಡಿಕೊಂಡು ಗೋಡೆಗೆ ಇಳಿಸುವುದು. ಒಬ್ಬ ಪುಟ್ಟ ಹುಡುಗಿ ನಾಲ್ಕು ಕಾಲಿನ ಕೋಳಿ ಬರೆದಿದ್ದಳು. ಅದನ್ನು ಗೋಡೆಗೆ ಇಳಿಸಿದ ಹುಡುಗನಿಗೆ ಹದಿಮೂರು ವರ್ಷ, ಒಳ್ಳೆಯ ಕೈ. ಅವನು ಪ್ರೀತಿಯಿಂದಲೇ ಎರಡು ಕಾಲು ತೆಗೆದುಬಿಟ್ಟ. ಕೋಳಿ ಚೆನ್ನಾಗಿಯೇ ಬಂದಿತ್ತು. ಮರುದಿನ ಆ ಹುಡುಗಿ ಗೋಡೆ ಮುಂದೆ ತುಂಬ ಹೊತ್ತು ನಿಂತಳು. "ಇದು ನನ್ನದಲ್ಲ. ನನ್ನದು ಓಡ್ತಾ ಇತ್ತು, ಇದು ನಿಂತಿದೆ" ಅಂದಳು. ಬ್ರಷ್ ಮುಟ್ಟಲಿಲ್ಲ. ತಪ್ಪು ಆ ಹುಡುಗನದಲ್ಲ, ನನ್ನದು. ಒಂದು ಮಗುವಿನ ಗೆರೆ ಇನ್ನೊಂದು ಮಗುವಿನ ಕೈಯಿಂದ ಹಾದುಹೋಗುವ ದಾರಿಯನ್ನು ಆರಿಸಿದ್ದು ನಾನು.

ನಿಮ್ಮ ಮುಂದೆ ಈಗ ಮೂರು ದಾರಿ ಇವೆ. ಗೋಡೆಯನ್ನು 40 ಚೌಕ ಮಾಡಿ ಒಬ್ಬೊಬ್ಬರಿಗೆ ಒಂದು ಕೊಡುವುದು ಎಲ್ಲಕ್ಕಿಂತ ಸುಲಭ, ಜಗಳವೂ ಇಲ್ಲ. ಆದರೆ ಅದು 40 ಬೇರೆ ಬೇರೆ ಚಿತ್ರಗಳ ಗೋಡೆ ಆಗುತ್ತದೆ, ಮಕ್ಕಳು ಪಕ್ಕದವರ ಚೌಕದ ಜೊತೆ ಹೋಲಿಸಿಕೊಂಡು ಕುಗ್ಗುತ್ತಾರೆ. ಒಬ್ಬರು ಬರೆದ ದೊಡ್ಡ ಚಿತ್ರಕ್ಕೆ ನಂಬರ್ ಹಾಕಿ ಮಕ್ಕಳಿಂದ ಬಣ್ಣ ತುಂಬಿಸುವುದು ಎರಡನೆಯದು. ನೋಡಲು ಅಚ್ಚುಕಟ್ಟು, ಸಮಯವೂ ಉಳಿಯುತ್ತದೆ. ಅಲ್ಲಿ ಮಕ್ಕಳ ಪಾಲು ಬರೀ ಕೂಲಿ. ನಿಮಗೆ ಒಂದೇ ದಿನ ಇದ್ದರೆ ಮಾತ್ರ ಅದನ್ನು ಆರಿಸಿ.

ನಾನು ಹೇಳುವುದು ಮೂರನೆಯದು: ಹಿನ್ನೆಲೆ ಎಲ್ಲರದು, ಅದರ ಮೇಲೆ ಒಬ್ಬೊಬ್ಬರದು ಒಂದೊಂದು ಆಕಾರ, ಅಂಚು ತಿದ್ದುವ ಕೆಲಸ ದೊಡ್ಡ ಮಕ್ಕಳದು. ನಿಮ್ಮ ಗೋಡೆಗೇ ಲೆಕ್ಕ ಹಾಕಿ ಹೇಳುತ್ತೇನೆ.

ನಲವತ್ತರಲ್ಲಿ 6–8 ವರ್ಷದವರು 15, 9–11 ವರ್ಷದವರು 15, ದೊಡ್ಡವರು 10 ಅಂತ ಇಟ್ಟುಕೊಳ್ಳೋಣ. ಎಂಟು ಜನರ ಐದು ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಮೂವರು ಚಿಕ್ಕವರು, ಮೂವರು ಮಧ್ಯದವರು, ಇಬ್ಬರು ದೊಡ್ಡವರು. 24 ಅಡಿ ಗೋಡೆಯ ಮುಂದೆ ಎಂಟು ಜನ ನಿಂತರೆ ಒಬ್ಬರಿಗೆ ಮೂರು ಅಡಿ ಜಾಗ ಸಿಗುತ್ತದೆ. ಅದಕ್ಕಿಂತ ಕಮ್ಮಿಯಾದರೆ ಮೊಣಕೈ ತಾಗುತ್ತದೆ. ಒಂದು ಗುಂಪಿಗೆ 40 ನಿಮಿಷ. ಚಿಕ್ಕವರನ್ನು 25 ನಿಮಿಷಕ್ಕೇ ಬಿಟ್ಟುಬಿಡಿ, ಆಮೇಲೆ ಅವರ ಗಮನ ಇರುವುದಿಲ್ಲ. ಉಳಿದ 32 ಮಕ್ಕಳು ಗೋಡೆ ಹತ್ತಿರ ಕಾಯುತ್ತಾ ನಿಲ್ಲಬಾರದು. ಡಬ್ಬಿ ಉರುಳುವುದು, ಬಣ್ಣ ಎರಚಾಟ ಎಲ್ಲ ಶುರುವಾಗುವುದು ಕಾಯುವವರಿಂದಲೇ. ಅವರು ತರಗತಿಯಲ್ಲೇ ಇರಲಿ, ಸರದಿ ಬಂದಾಗ ಕರೆಯಿರಿ.

ಬಣ್ಣಕ್ಕೆ ಮೊದಲು ಗೋಡೆ ನೋಡಬೇಕು. ಇದು ಮಕ್ಕಳದಲ್ಲ, ವಯಸ್ಕರ ಕೆಲಸ, ಎರಡು ವಾರ ಮೊದಲೇ ಶುರು ಮಾಡಿ. ಎರಡಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಯ ಕೆಳಭಾಗಕ್ಕೆ ಅಂಟಿಸಿ. ಒಂದು ದಿನ ಬಿಟ್ಟು ನೋಡಿದಾಗ ಒಳಗೆ ನೀರಿನ ಹನಿ ಇದ್ದರೆ ಗೋಡೆಯಲ್ಲಿ ತೇವ ಇದೆ. ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ಸರಿಮಾಡುವವರೆಗೆ ಬಣ್ಣ ಬೇಡ. ಬಿಳಿ ಉಪ್ಪಿನ ಪುಡಿ ಎದ್ದಿದ್ದರೂ ಅದೇ ಅರ್ಥ. ಹೊಸ ಸಿಮೆಂಟ್ ಗಾರೆಯಾದರೆ ಕನಿಷ್ಠ ನಾಲ್ಕು ವಾರ ಒಣಗಬೇಕು. ಎದ್ದ ಹಳೆ ಬಣ್ಣವನ್ನು ಒದ್ದೆ ಮಾಡಿಯೇ ಕೆರೆಯಿರಿ, ಒಣಗಿದ್ದಾಗ ಉಜ್ಜಬೇಡಿ. ಹಳೆಯ ಆಯಿಲ್ ಪೇಂಟ್‌ಗಳಲ್ಲಿ ಸೀಸ ಇರಬಹುದು, ಆ ಪುಡಿ ಮಕ್ಕಳಿಗೆ ತುಂಬ ಅಪಾಯ. ಕೆರೆಯುವಾಗ ಮಕ್ಕಳು ಹತ್ತಿರ ಇರಬಾರದು. ಚೂರುಗಳನ್ನೆಲ್ಲ ಗುಡಿಸಿ ತೆಗೆದು, ನೆಲ ಒರೆಸಿದ ಮೇಲೆ ಒಂದು ಕೋಟ್ ಪ್ರೈಮರ್.

ನಿಮ್ಮ ಗೋಡೆ 192 ಚದರಡಿ. ನಯವಾದ ಗೋಡೆಗೆ ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ಗೆ ಸುಮಾರು 100 ಚದರಡಿ ಬರುತ್ತದೆ, ಒರಟಾದರೆ ಕಮ್ಮಿ. ಹಿನ್ನೆಲೆಗೆ ಎರಡು ಕೋಟ್ ಬೇಕು, ಅಂದರೆ ನಾಲ್ಕು ಲೀಟರ್. ಆಕಾರಗಳಿಗೆ ಬಿಳಿ ಒಂದು ಲೀಟರ್, ಉಳಿದ ನಾಲ್ಕೈದು ಬಣ್ಣ ಅರ್ಧರ್ಧ ಲೀಟರ್ ಸಾಕು. ಬಣ್ಣ ಜಾಸ್ತಿ ಇದ್ದಷ್ಟೂ ಚೆಂದ ಅಂತ ಹದಿನೈದು ಡಬ್ಬಿ ತರಬೇಡಿ. ಎಲ್ಲರೂ ಅದೇ ಐದಾರು ಬಣ್ಣ ಬಳಸಿದಾಗಲೇ 40 ಚಿತ್ರ ಒಂದು ಗೋಡೆಯ ಹಾಗೆ ಕಾಣುವುದು. ಪ್ರತಿ ಬಣ್ಣವನ್ನೂ ಮೊದಲೇ ಒಂದೇ ಸಲ ಕಲಸಿಡಿ, ಮತ್ತೆ ಕಲಸಿದರೆ ಅದೇ ಬಣ್ಣ ಬರುವುದಿಲ್ಲ.

ಮೊದಲ ದಿನ ಹಿನ್ನೆಲೆ. ಕೆಳಗೆ ಮಣ್ಣಿನ ಹಳದಿ, ನಡುವೆ ಹಸಿರು, ಮೇಲೆ ತಿಳಿ ನೀಲಿ, ಹೀಗೆ ಅಲೆಯ ಹಾಗೆ ಮೂರು ಪಟ್ಟೆ. ಇವು ಒಂದಕ್ಕೊಂದು ಹತ್ತಿರದ ಬಣ್ಣಗಳು. ಗಡಿಯಲ್ಲಿ ಕಲಸಿದರೂ ಇನ್ನೊಂದು ಹಸಿರು ಬರುತ್ತದೆ ಅಷ್ಟೇ, ಕೆಸರಾಗುವುದಿಲ್ಲ. ಆ ದಿನ ಕೆಂಪು, ಕಿತ್ತಳೆ ಡಬ್ಬಿ ಹೊರಗೇ ಬರಬಾರದು. ಆರು ಅಡಿಯ ಮೇಲಿನದು ಬರೀ ನೀಲಿ, ಅದನ್ನು ನೀವೇ ಬಳಿಯಿರಿ. ಯಾವ ಮಗುವೂ ಏಣಿ, ಸ್ಟೂಲ್ ಹತ್ತಬಾರದು. ಬಿಸಿಲು ನೇರ ಬೀಳುವ ಹೊತ್ತಿನಲ್ಲಿ ಕೆಲಸ ಬೇಡ. ಗೋಡೆ ಕಾದಿದ್ದರೆ ಬಣ್ಣ ಬ್ರಷ್‌ನ ಕೆಳಗೇ ಒಣಗಿ ಎಳೆದಂತಾಗುತ್ತದೆ, ಪಟ್ಟೆ ಪಟ್ಟೆ ಕಾಣುತ್ತದೆ. ಮೊದಲ ಕೋಟ್ ಮಕ್ಕಳದು. ಎರಡನೆಯದನ್ನು ನಾಲ್ಕು ಗಂಟೆ ಬಿಟ್ಟು ಇಲ್ಲವೇ ಮರುದಿನ ಹಾಕಿ.

ಗೋಡೆ ಒಣಗುವಾಗ ತರಗತಿಯಲ್ಲಿ ಮುಖ್ಯ ಕೆಲಸ ನಡೆಯಬೇಕು. ಪ್ರತಿ ಮಗುವೂ ತನ್ನ ಪ್ರಾಣಿಯನ್ನೋ ಹಕ್ಕಿಯನ್ನೋ ಹುಳುವನ್ನೋ ಹಳೆ ಪೇಪರಿನ ಮೇಲೆ ಗೋಡೆಯಲ್ಲಿ ಇರಬೇಕಾದಷ್ಟೇ ದೊಡ್ಡದಾಗಿ ಬರೆದು ಕತ್ತರಿಸಬೇಕು. ಒಂದೂವರೆ ಅಡಿ ಉದ್ದ, ಒಂದಡಿ ಎತ್ತರ ಸಾಕು. 40 ಆಕಾರಕ್ಕೆ 60 ಚದರಡಿ ಆಯಿತು. ಮಕ್ಕಳ ಕೈಗೆಟುಕುವ ಜಾಗ ಸುಮಾರು 120 ಚದರಡಿ. ಅರ್ಧ ಖಾಲಿ ಉಳಿಯುತ್ತದೆ, ಆ ಖಾಲಿ ಜಾಗ ಬೇಕೇ ಬೇಕು. ನಲವತ್ತೂ ಕಾಗದಗಳನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿ, ಇಪ್ಪತ್ತು ಅಡಿ ಹಿಂದೆ ಹೋಗಿ ಮಕ್ಕಳ ಜೊತೆ ನಿಂತು ನೋಡಿ. ಇಲ್ಲಿ ಒತ್ತಾಯಿತು, ಅಲ್ಲಿ ಖಾಲಿಯಾಯಿತು ಅಂತ ಅವರೇ ಹೇಳುತ್ತಾರೆ. ಕಾಗದ ಕಿತ್ತು ಬೇರೆ ಕಡೆ ಅಂಟಿಸುವುದಕ್ಕೆ ಖರ್ಚಿಲ್ಲ, ಯಾರಿಗೂ ನೋವಿಲ್ಲ. ಚಿಕ್ಕವರ ಆಕಾರಗಳು ಅವರ ಮೊಣಕಾಲಿನಿಂದ ತಲೆಯವರೆಗಿನ ಎತ್ತರದಲ್ಲಿ ಇರಲಿ.

ಜಾಗ ನಿಂತ ಮೇಲೆ ಆ ಮಗುವೇ ತನ್ನ ಕಾಗದದ ಸುತ್ತ ಚಾಕ್‌ಪೀಸ್‌ನಿಂದ ಗೆರೆ ಎಳೆಯುತ್ತದೆ. ಈಗ ಅದರ ಗೆರೆ ಯಾರ ಕೈಯಿಂದಲೂ ಹಾದುಹೋಗಲಿಲ್ಲ. ನಾಲ್ಕು ಕಾಲಿನ ಕೋಳಿ ನಾಲ್ಕು ಕಾಲಿನಲ್ಲೇ ಗೋಡೆ ಸೇರುತ್ತದೆ. ಗೆರೆ ಮೆಲ್ಲಗೆ ಇರಲಿ, ಚಾಕ್ ಪುಡಿ ದಪ್ಪಗಿದ್ದರೆ ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಮಾರ್ಕರ್ ಪೆನ್ ಮಾತ್ರ ಬೇಡ. ಮೇಲೆ ಎಷ್ಟು ಕೋಟ್ ಬಳಿದರೂ ಅದು ಒಸರಿ ಹೊರಗೆ ಬರುತ್ತದೆ.

ಆಮೇಲೆ ಗೆರೆಯೊಳಗೆ ಮೊದಲು ಬಿಳಿ. ಈ ಹಂತವನ್ನು ಬಿಡಬೇಡಿ. ಹಳದಿ, ಕೆಂಪು ಬಣ್ಣಗಳಿಗೆ ಅಡಿಯ ಬಣ್ಣವನ್ನು ಮುಚ್ಚುವ ಶಕ್ತಿ ಕಡಿಮೆ. ಹಸಿರಿನ ಮೇಲೆ ನೇರ ಹಳದಿ ಬಳಿದರೆ ಮಂಕಾದ ಹಸಿರೇ ಕಾಣುತ್ತದೆ. ಆಗ ಮಗು ಮತ್ತೆ ಮತ್ತೆ ಬಳಿಯುತ್ತದೆ, ಬಣ್ಣ ಇಳಿಯುತ್ತದೆ. ಒಂದು ಗುಂಪು ಬಿಳಿ ಬಳಿದು ಹೋದ ಮೇಲೆ ಉಳಿದ ಗುಂಪುಗಳ ಸರದಿ ಮುಗಿಯುವಷ್ಟರಲ್ಲಿ ಅದು ಒಣಗಿರುತ್ತದೆ. ಬಣ್ಣ ಮರುದಿನ. ಕಣ್ಣು, ರೆಕ್ಕೆ, ಮೈಮೇಲಿನ ಚುಕ್ಕೆ ಅದರ ಮರುದಿನ, ಅಡಿಯದು ಪೂರ್ತಿ ಒಣಗಿದ ಮೇಲೆ. ಒಣಗಿದೆಯಾ ಅಂತ ತಿಳಿಯಲು ಬೆರಳಿನ ಹಿಂಬದಿ ತಾಗಿಸಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ನೀರು ಇದೆ.

ಈಗ ಆ ಹತ್ತು ದೊಡ್ಡ ಮಕ್ಕಳು. ಅವರಿಗೂ ತಮ್ಮ ತಮ್ಮ ಆಕಾರ ಇರುತ್ತದೆ. ಅದರ ಜೊತೆ ನಿಜವಾಗಿಯೂ ಕೈಚಳಕ ಬೇಕಾದ ಇನ್ನೊಂದು ಕೆಲಸ ಕೊಡಿ. ಅರ್ಧ ಇಂಚಿನ ಬ್ರಷ್ ಹಿಡಿದು, ಹಿನ್ನೆಲೆಯ ಬಣ್ಣವನ್ನು ಪ್ರತಿ ಆಕಾರದ ಸುತ್ತ ಹೊರಗಿನಿಂದ ತಂದು ಅಂಚು ಕಟ್ಟುವುದು. ಚಿಕ್ಕವರ ಬಣ್ಣ ಗೆರೆ ದಾಟಿ ಹೋಗಿದ್ದರೆ ಅದು ಅಲ್ಲೇ ಮುಚ್ಚಿಹೋಗುತ್ತದೆ. ನಿಯಮ ಒಂದೇ: ಹೊರಗಿನಿಂದ ಸರಿಮಾಡಬಹುದು, ಒಳಗೆ ಬ್ರಷ್ ಇಡುವಂತಿಲ್ಲ. ಇದು ನಿಮಗೂ ಅನ್ವಯಿಸುತ್ತದೆ. ಈ ಒಂದು ಕೆಲಸದಿಂದ ಗೋಡೆ ಎಷ್ಟು ಅಚ್ಚುಕಟ್ಟಾಗುತ್ತದೆ ಅಂದರೆ, ಪೋಷಕರು ಹೆದರಿದ ಆ ಗಲೀಜು ಎಲ್ಲೂ ಉಳಿದಿರುವುದಿಲ್ಲ. ಅಂಚು ಕಟ್ಟುವಾಗ ಚಿಕ್ಕ ಮಗು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. "ಈ ಬಾಲ ಇಷ್ಟುದ್ದನೇ ಇರಬೇಕಾ?" ಅಂತ ದೊಡ್ಡವರು ಕೇಳಿ, ಹೂಂ ಅಂದ ಮೇಲೇ ಮುಂದೆ ಹೋಗಲಿ.

ಮಗು ತನ್ನದನ್ನೇ ಕೆಡಿಸಿಕೊಂಡು ಅಳುತ್ತಾ ಬಂದರೆ ಒರೆಸಬೇಡಿ, ಒರೆಸಿದಷ್ಟೂ ಹರಡುತ್ತದೆ. ಒಣಗಲು ಬಿಡಿ. ಮರುದಿನ ಅದೇ ಕಾಗದ ಇಟ್ಟು, ಬಿಳಿ ಬಳಿದು, ಅದೇ ಮಗು ಮತ್ತೆ ಬರೆಯಲಿ. ಕಾಗದಗಳನ್ನು ಎಸೆಯದೆ ಹಿಂದೆ ಹೆಸರು ಬರೆದು ಇಟ್ಟುಕೊಳ್ಳುವುದು ಇದಕ್ಕೇ. ಆ ದಿನ ಬಾರದ ಮಗುವಿನ ಜಾಗವನ್ನು ಬೇರೆಯವರಿಗೆ ಕೊಡಬೇಡಿ, ಚಾಕ್ ಗೆರೆ ಹಾಗೇ ಇರಲಿ.

ಕೊನೆಯ ಸಂಜೆ ಕೈ ತುರಿಸುತ್ತದೆ. ಎಲ್ಲದಕ್ಕೂ ಒಂದು ಕಪ್ಪು ಗೆರೆ ಎಳೆದರೆ ಎದ್ದು ಕಾಣುತ್ತೆ ಅಲ್ವಾ ಅನಿಸುತ್ತದೆ. ದಯವಿಟ್ಟು ಎಳೆಯಬೇಡಿ. 40 ಕೈಗಳ ಅಂಚು ಒಂದೇ ಕೈಯ ಅಂಚಾಗಿಬಿಡುತ್ತದೆ. ಗೆರೆ ಬೇಕೇ ಬೇಕು ಅನಿಸಿದರೆ, ಬೇಕೆಂದ ಮಗು ತನ್ನ ಆಕಾರಕ್ಕೆ ಮಾತ್ರ ಕಡು ನೀಲಿಯಲ್ಲಿ ಎಳೆದುಕೊಳ್ಳಲಿ. ಮೇಲೆ ವಾರ್ನಿಷ್ ಹಾಕಬೇಕಾ ಅಂತಲೂ ಕೇಳುತ್ತಾರೆ. ಹೊರಗೋಡೆಯ ಎಮಲ್ಷನ್‌ಗೆ ಅದರ ಅಗತ್ಯವಿಲ್ಲ. ಗೋಡೆಯೊಳಗಿನ ತೇವ ಹೊರಗೆ ಹೋಗಲಾರದೆ ಬಣ್ಣವೇ ಗುಳ್ಳೆ ಏಳುವ ಅಪಾಯ ಇದೆ. ಹೊಳೆಯುವ ಕೆಂಪು, ಹಳದಿ ಬಿಸಿಲಿಗೆ ಮೊದಲು ಮಂಕಾಗುತ್ತವೆ. ಅದಕ್ಕೇ ದೊಡ್ಡ ಜಾಗಗಳಿಗೆ ಮಣ್ಣಿನ ಹಳದಿ, ಇಟ್ಟಿಗೆ ಕೆಂಪು ಇರಲಿ, ಅವು ಬಾಳುತ್ತವೆ.

ಪ್ರತಿ ಬಣ್ಣವನ್ನೂ ಸ್ವಲ್ಪ ಉಳಿಸಿ, ಮುಚ್ಚಳ ಬಿಗಿ ಮಾಡಿ, ಬಣ್ಣದ ಹೆಸರು ಬರೆದು ನೆರಳಿನಲ್ಲಿಡಿ. ಯಾವ ಆಕಾರ ಯಾರದು ಅಂತ ಗೋಡೆಯ ಒಂದು ಪುಟ್ಟ ನಕ್ಷೆ ಬರೆದು ಆಫೀಸಿನಲ್ಲಿ ಇಟ್ಟುಕೊಳ್ಳಿ. ಮೊದಲ ಮಳೆಗಾಲ ಕಳೆದ ಮೇಲೆ ನೆಲದಿಂದ ಒಂದಡಿ ಎತ್ತರದವರೆಗೆ ಗೋಡೆಯನ್ನು ಕೈಯಿಂದ ಸವರಿ ನೋಡಿ. ಬಣ್ಣ ಕೆಡುವುದಾದರೆ ಅಲ್ಲಿಂದಲೇ ಶುರು. ಎದ್ದಿರುವ ಕಡೆ ಒದ್ದೆ ಮಾಡಿ ಕೆರೆದು, ಒಣಗಿಸಿ, ಪ್ರೈಮರ್ ಹಾಕಿ. ಆಮೇಲೆ ನಕ್ಷೆ ನೋಡಿ, ಅದು ಯಾರದೋ ಅದೇ ಮಗುವನ್ನು ಕರೆದು ಬ್ರಷ್ ಕೊಡಿ.